ಶಾವಿಗೆ ಉಪ್ಪಿಟ್ಟು: ಒಂದು ಲೋಟಕ್ಕೆ ಉದುರುದುರು, ಒಂದು ಕೆಜಿಗೆ ಮುದ್ದೆ. ನೀರಿನ ಲೆಕ್ಕ ಎಲ್ಲಿ ತಪ್ಪಿತು?

ಹೊಸಮನೆ_ಮೈಸೂರು

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ತಂಗಿಯ ಸೀಮಂತ ನಮ್ಮನೇಲೇ ಇತ್ತು. ಬೆಳಗಿನ ತಿಂಡಿಗೆ ಇಡ್ಲಿ ಜೊತೆ ಶಾವಿಗೆ ಉಪ್ಪಿಟ್ಟು, ಸಿಹಿಗೆ ಶಾವಿಗೆ ಪಾಯಸ ಅಂತ ನಾನೇ ಒಪ್ಪಿಕೊಂಡೆ. ಮನೆಯಲ್ಲಿ ವಾರಕ್ಕೊಂದು ಸಲ ಮಾಡೋ ಉಪ್ಪಿಟ್ಟು ಅದು. ಒಂದು ಲೋಟ ಶಾವಿಗೆಗೆ ಎರಡು ಲೋಟ ನೀರು, ಯಾವತ್ತೂ ಕೆಟ್ಟಿಲ್ಲ.

ಅವತ್ತು ಒಂದು ಕೆಜಿ ಶಾವಿಗೆ ತಗೊಂಡೆ. ಅಳೆದರೆ ಏಳೂವರೆ ಲೋಟ ಬಂತು. ಹದಿನೈದು ಲೋಟ ನೀರು ಇಟ್ಟೆ. ಕ್ಯಾರೆಟ್, ಬೀನ್ಸ್, ಬಟಾಣಿ, ನಾಲ್ಕು ಟೊಮೇಟೊ. ಶಾವಿಗೆಯನ್ನು ತುಪ್ಪ ಹಾಕಿ ಹುರಿದಿದ್ದೆ. ಕುದಿಯೋ ನೀರಿಗೇ ಹಾಕಿದೆ. ಹತ್ತು ನಿಮಿಷಕ್ಕೆ ಮುಚ್ಚಳ ತೆಗೆದು ನೋಡಿದರೆ ಮೇಲೆ ಇನ್ನೂ ನೀರು ನಿಂತಿದೆ, ತಳದಲ್ಲಿ ಮುದ್ದೆ. ತಳ ಹಿಡಿಯಬಾರದು ಅಂತ ಸೌಟಿನಲ್ಲಿ ಮಗುಚಿದೆ, ಪೂರ್ತಿ ಅಂಟಾಗಿ ಹೋಯ್ತು. ಪಾಯಸ ಬಡಿಸೋ ಹೊತ್ತಿಗೆ ಹಲ್ವದ ಥರ ಗಟ್ಟಿಯಾಗಿತ್ತು. ಅತ್ತೆ ಏನೂ ಅನ್ನಲಿಲ್ಲ, ಆದರೆ ನನಗೆ ಬಹಳ ಬೇಜಾರಾಯ್ತು. ಅದೇ ಶಾವಿಗೆ, ಅದೇ ಕೈ, ಅದೇ ಅಳತೆ. ಎಲ್ಲಿ ತಪ್ಪಿದೆ ಅಂತ ತಿಳಿದವರು ಹೇಳಿ.

ತುಪ್ಪದ_ಘಮ

ಹುರಿದಿದ್ದು ಸಾಕಾಗಿಲ್ಲ, ಅಷ್ಟೇ. ಶಾವಿಗೆ ಚೆನ್ನಾಗಿ ಕಂದು ಬಣ್ಣ ಬರೋವರೆಗೆ ಹುರಿದರೆ ಎಷ್ಟು ನೀರು ಹಾಕಿದರೂ ಮುದ್ದೆಯಾಗಲ್ಲ. ನೀರಿಗೆ ಎರಡು ಚಮಚ ಎಣ್ಣೆಯನ್ನೂ ಹಾಕಿ, ಒಂದಕ್ಕೊಂದು ಅಂಟೋದೇ ಇಲ್ಲ. ನಾನು ಇಪ್ಪತ್ತು ವರ್ಷದಿಂದ ಹೀಗೇ ಮಾಡ್ತಿರೋದು.

ಅಜ್ಜಿಮನೆ_ತೀರ್ಥಹಳ್ಳಿ

ಶಾವಿಗೆಗೆ ಇಷ್ಟೆಲ್ಲ ನೀರು ಯಾಕಮ್ಮ? ಅಕ್ಕಿ ನೆನೆಸಿ ರುಬ್ಬಿ, ಹಿಟ್ಟು ಕಾಯಿಸಿ, ಉಂಡೆ ಕಟ್ಟಿ ಬೇಯಿಸಿ, ಬಿಸಿ ಇರುವಾಗಲೇ ಒರಳಲ್ಲಿ ಒತ್ತಿದರೆ ಆಯ್ತು. ಆಮೇಲೆ ಬೇಯಿಸೋದೇ ಇಲ್ಲ. ಸಿಹಿಗೆ ಕಾಯಿಹಾಲು ಬೆಲ್ಲ, ಖಾರಕ್ಕೆ ನಿಂಬೆಹಣ್ಣಿನ ಒಗ್ಗರಣೆ. ತಣಿದ ಮೇಲೆ ಒಗ್ಗರಣೆ ಕೊಡಬೇಕು, ಬಿಸಿಯಲ್ಲೇ ಕಲಸಿದರೆ ತುಂಡಾಗುತ್ತೆ.

ಹೊಸಮನೆ_ಮೈಸೂರು

ಅಮ್ಮಾ, ನೀವು ಹೇಳ್ತಿರೋದು ಒತ್ತು ಶಾವಿಗೆ. ನಾನು ಕೇಳಿದ್ದು ಅಂಗಡಿಯಲ್ಲಿ ಪೊಟ್ಟಣದಲ್ಲಿ ಸಿಗೋ ಗೋಧಿ ರವೆ ಶಾವಿಗೆ. ಆದರೆ ಕಾಯಿಹಾಲು ಅಂದ ತಕ್ಷಣ ಬಾಯಲ್ಲಿ ನೀರು ಬಂತು, ಅದನ್ನೂ ಒಂದಿನ ಮಾಡ್ತೀನಿ.

ನೂರೆಲೆ_ಅಡುಗೆ

ನಾನು ಮದುವೆ, ಮುಂಜಿ ಅಡುಗೆ ಮಾಡುವವನು, ತಂದೆಯವರ ಕಾಲದಿಂದಲೂ ಇದೇ ಕೆಲಸ. ಮೇಡಂ, ನಿಮ್ಮ ಕೈ ತಪ್ಪಲಿಲ್ಲ, ಗುಣಾಕಾರ ತಪ್ಪಿತು. ಶಾವಿಗೆಯನ್ನು ಏಳೂವರೆ ಪಟ್ಟು ಮಾಡಿದಿರಿ ಅಂತ ನೀರನ್ನೂ ಏಳೂವರೆ ಪಟ್ಟು ಮಾಡಬಾರದು.

ಇಟ್ಟ ಎಸರು ಎರಡು ಕಡೆ ಹೋಗುತ್ತೆ. ಒಂದಷ್ಟನ್ನು ಶಾವಿಗೆ ಕುಡಿಯುತ್ತೆ, ಒಂದಷ್ಟು ಹಬೆಯಾಗಿ ಹಾರುತ್ತೆ. ಶಾವಿಗೆ ಕುಡಿಯೋದು ಅದರ ತೂಕಕ್ಕೆ ತಕ್ಕಂತೆ, ಅದನ್ನು ಗುಣಿಸಬಹುದು. ಹಬೆ ಹೋಗೋದು ಪಾತ್ರೆಯ ಬಾಯಿ ಎಷ್ಟು ಅಗಲ, ಎಷ್ಟು ಹೊತ್ತು ಕುದಿಯಿತು ಅನ್ನೋದರ ಮೇಲೆ. ಮನೆಯ ಬಾಣಲೆಯಲ್ಲಿ ಎರಡು ಲೋಟ ನೀರಿಟ್ಟು ತರಕಾರಿ ಬೇಯಿಸುವಷ್ಟರಲ್ಲಿ ಅರ್ಧ ಲೋಟ ಹಾರಿರುತ್ತೆ. ಅದು ನಿಮಗೆ ಗೊತ್ತಾಗಲ್ಲ, ಯಾಕಂದ್ರೆ ಲೆಕ್ಕ ಸರಿಯಾಗೇ ಕೂತಿದೆ. ದೊಡ್ಡ ತಪ್ಪಲೆಯಲ್ಲಿ ಹದಿನೈದು ಲೋಟ ಇಟ್ಟಾಗ ಹಾರೋದು ಒಂದೂವರೆ ಲೋಟ ಇದ್ದೀತು. ಮಿಕ್ಕಿದ್ದೆಲ್ಲ ಶಾವಿಗೆ ತಲೆ ಮೇಲೆ. ಟೊಮೇಟೊ ಬಿಟ್ಟ ನೀರು ಬೇರೆ.

ಇನ್ನೊಂದು ವಿಷಯ, ಆಳವಾದ ಪಾತ್ರೆಯಲ್ಲಿ ಒಂದು ಕೆಜಿ ಶಾವಿಗೆ ಹಾಕಿದರೆ ಮೇಲಿನದರ ಭಾರ ಕೆಳಗಿನದರ ಮೇಲೆ ಕೂರುತ್ತೆ. ಕೆಳಗಿನದು ನೀರಲ್ಲಿ ಮುಳುಗಿ ಬೇಯುತ್ತಾ ಇರುತ್ತೆ, ಮೇಲಿನದು ಹಬೆಗೆ ಕಾಯುತ್ತಾ ಇರುತ್ತೆ. ಆಗ ಮಗುಚಲೇಬೇಕು ಅನಿಸುತ್ತೆ, ಮಗುಚಿದರೆ ಬೆಂದದ್ದು ಮುರಿದು ಅದರ ಹಿಟ್ಟು ಅಂಟಾಗುತ್ತೆ.

ನಾನಾದರೆ ಅರ್ಧ ಅರ್ಧ ಕೆಜಿ ಎರಡು ಸಲ ಮಾಡುತ್ತಿದ್ದೆ, ಅಗಲ ಬಾಯಿಯ ಬಾಣಲೆಯಲ್ಲಿ. ಅರ್ಧ ಕೆಜಿಗೆ ಒಂದು ಲೀಟರಿಗಿಂತ ಸ್ವಲ್ಪ ಜಾಸ್ತಿ, ಒಂದೂಕಾಲು ಲೀಟರ್ ದಾಟಬಾರದು. ಪಕ್ಕದ ಒಲೆಯಲ್ಲಿ ಒಂದು ಚೊಂಬು ನೀರು ಕುದಿಯುತ್ತಾ ಇರಲಿ. ಕಡಿಮೆಯಾದರೆ ಚಿಮುಕಿಸಬಹುದು, ಹೆಚ್ಚಾದರೆ ತೆಗೆಯೋಕಾಗಲ್ಲ.

ನೂರೆಲೆ_ಅಡುಗೆ

ತುಪ್ಪದ_ಘಮ ಅವರಿಗೆ: ಹುರಿಯಬೇಕು ಅನ್ನೋದು ಖಂಡಿತ ಸರಿ. ಹಸಿ ಶಾವಿಗೆಯ ಮೈಮೇಲೆ ಇರುವ ಹಿಟ್ಟು ನೀರಿಗೆ ಬಿದ್ದ ಕೂಡಲೇ ಕರಗಿ ಗಂಜಿಯಾಗುತ್ತೆ, ಆ ಗಂಜಿಯೇ ಅಂಟು. ಹುರಿದಾಗ ಮೇಲ್ಮೈ ಒಣಗಿ ಗಟ್ಟಿಯಾಗುತ್ತೆ, ತುಪ್ಪ ಒಂದು ಪದರ ಕೂರುತ್ತೆ, ಗಂಜಿ ಕಡಿಮೆ ಬಿಡುತ್ತೆ. ಆದರೆ ಹುರಿದ ಶಾವಿಗೆಯೂ ಬಿಸಿನೀರು ಇರುವಷ್ಟು ಹೊತ್ತು ಕುಡಿಯುತ್ತಲೇ ಇರುತ್ತೆ. "ಎಷ್ಟು ನೀರು ಹಾಕಿದರೂ" ಅನ್ನೋದನ್ನು ಮಾತ್ರ ನಾನು ಒಪ್ಪಲ್ಲ. ನೀರಿಗೆ ಹಾಕಿದ ಎಣ್ಣೆ ಮೇಲೇ ತೇಲುತ್ತೆ, ಮುಳುಗಿರುವ ಶಾವಿಗೆಗೆ ಹತ್ತಲ್ಲ. ಅದನ್ನು ಹುರಿಯುವಾಗಲೇ ಹಾಕಿದರೆ ಉಪಯೋಗ. ಕಂದು ಬಣ್ಣಕ್ಕೆ ಹೋದರೆ ಉಪ್ಪಿಟ್ಟಿನಲ್ಲಿ ಕಹಿ ಬರುತ್ತೆ, ಗೋಧಿ ಬಣ್ಣ ಬಂದಾಗ ನಿಲ್ಲಿಸಬೇಕು.

ತುಪ್ಪದ_ಘಮ

ನಮ್ಮನೆಯಲ್ಲಿ ಯಾರಿಗೂ ಕಹಿ ಅನಿಸಿಲ್ಲ. ಆದರೆ ನಾನು ಯಾವತ್ತೂ ಎರಡು ಲೋಟಕ್ಕಿಂತ ಹೆಚ್ಚು ಶಾವಿಗೆ ಮಾಡಿಲ್ಲ, ಅದು ನಿಜ. ದೊಡ್ಡ ಅಳತೆ ನನಗೆ ಗೊತ್ತಿಲ್ಲ.

ಧಾರವಾಡದ_ಓಣಿ

ನಮ್ಮ ಕಡೆ ಈ ನೀರಿನ ಲೆಕ್ಕಾನ ಇಲ್ರೀ. ಬ್ಯಾಸಗ್ಯಾಗ ಮನ್ಯಾಗ ಮಾಡಿ ಒಣಗಿಸಿಟ್ಟ ಶಾವಿಗಿ. ದೊಡ್ಡ ಪಾತ್ರೆ ತುಂಬ ನೀರು ಮಳ್ಳಸೂದು, ಶಾವಿಗಿ ಹಾಕೂದು, ಎರಡು ಮೂರು ನಿಮಿಷಕ್ಕ ಬಸಿಯೂದು. ಮ್ಯಾಲ ಬಿಸಿ ಹಾಲು, ತುಪ್ಪ, ಸಕ್ಕರಿ ಇಲ್ಲಾ ಬೆಲ್ಲ. ಉಪ್ಪಿಟ್ಟು ಮಾಡೂದಿದ್ರೂ ಬಸದ ಶಾವಿಗಿಗೆ ಒಗ್ಗರಣಿ ಕೊಟ್ರ ಆತು. ನೂರು ಮಂದಿಗೆ ಮಾಡಿದ್ರೂ ಮುದ್ದಿ ಆಗೂದಿಲ್ಲ. ಗಂಜಿ ಎಲ್ಲಾ ನೀರಿನ ಸಂಗಟ ಹೋಗಿಬಿಡ್ತದ.

ನೂರೆಲೆ_ಅಡುಗೆ

ಸರ್, ಅದು ಒಳ್ಳೆ ಪದ್ಧತಿ, ಅವಸರದ ದಿನ ನಾನೂ ಬಸಿದದ್ದುಂಟು. ಬಸಿದ ಮೇಲೆ ಜಾಲರಿಯಲ್ಲೇ ಬಿಡಬಾರದು. ತಣ್ಣೀರು ಒಂದು ಚೊಂಬು ಸುರಿದು ಅಗಲ ತಟ್ಟೆಯಲ್ಲಿ ಹರಡಬೇಕು, ಇಲ್ಲದಿದ್ದರೆ ಒಳಗಿನ ಬಿಸಿಗೆ ಬೇಯುತ್ತಾ ಹೋಗುತ್ತೆ. ನನಗೆ ಒಂದೇ ಕೊರತೆ, ತರಕಾರಿ, ಹಸಿಮೆಣಸಿನಕಾಯಿ, ಇಂಗಿನ ಸಾರ ಶಾವಿಗೆ ಒಳಗೆ ಇಳಿಯಲ್ಲ, ಮೇಲೇ ಇರುತ್ತೆ. ಎಸರಿನಲ್ಲೇ ಬೆಂದ ಉಪ್ಪಿಟ್ಟಿನ ರುಚಿ ಬೇರೆ.

ಧಾರವಾಡದ_ಓಣಿ

ನೀರಿಗೆ ಸ್ವಲ್ಪ ಹೆಚ್ಚಿಗೆ ಉಪ್ಪು ಹಾಕ್ರಿ, ಸಪ್ಪಗ ಅನಸೂದಿಲ್ಲ. ರುಚಿ ವಿಷಯದಾಗ ನಾನು ನಿಮ್ಮ ಮಾತು ಒಪ್ಪೂದಿಲ್ಲ ಬಿಡ್ರಿ.

ಮ್ಯೂನಿಕ್_ಕನ್ನಡತಿ

ನನ್ನ ಕಥೆಯೂ ಇದೇ. ಇಲ್ಲಿನ ಏಷ್ಯನ್ ಅಂಗಡಿಯಲ್ಲಿ 'ವರ್ಮಿಸೆಲ್ಲಿ' ಅಂತ ಬರೆದಿದ್ದ ಪೊಟ್ಟಣ ತಂದೆ. ತುಪ್ಪದಲ್ಲಿ ಹುರಿದರೆ ಬಣ್ಣವೇ ಬರಲಿಲ್ಲ, ಬೆಳ್ಳಗಾಗಿ ಅಲ್ಲಲ್ಲಿ ಉಬ್ಬಿತು. ಒಂದಕ್ಕೆ ಒಂದೂವರೆ ನೀರು ಹಾಕಿ ಕುದಿಸಿದರೂ ಗೋಂದು. ಇನ್ನೂ ಕಡಿಮೆ ನೀರು ಹಾಕಬೇಕಾ?

ನೂರೆಲೆ_ಅಡುಗೆ

ಅದು ಅಕ್ಕಿಯದ್ದು ತಾಯಿ. ಒಣಗಿದಾಗ ಬಿಳಿಯಾಗಿ ಅರೆಪಾರದರ್ಶಕವಾಗಿ ಕಂಡರೆ ಅಕ್ಕಿ, ಹಳದಿ ಛಾಯೆ ಇದ್ದರೆ ಗೋಧಿ. ಪೊಟ್ಟಣದ ಹಿಂದೆ ಏನು ಹಾಕಿದ್ದಾರೆ ಅಂತ ಓದಿ ತಗೊಳ್ಳಿ. ಅಕ್ಕಿಯದನ್ನು ಮಾಡುವಾಗಲೇ ಬಹುಪಾಲು ಬೇಯಿಸಿ ಒಣಗಿಸಿರುತ್ತಾರೆ. ಹುರಿಯುವುದೂ ಬೇಡ, ಕುದಿಸುವುದೂ ಬೇಡ. ನೀರು ಕುದಿಸಿ ಒಲೆ ಆರಿಸಿ, ಅದರಲ್ಲಿ ಮೂರ್ನಾಲ್ಕು ನಿಮಿಷ ಮುಳುಗಿಸಿ, ಮೆತ್ತಗಾದ ಕೂಡಲೇ ಬಸಿದು ಹರಡಿ. ಆಮೇಲೆ ಮೇಲೆ ಅಜ್ಜಿಮನೆಯವರು ಹೇಳಿದ ನಿಂಬೆಹಣ್ಣಿನ ಒಗ್ಗರಣೆ ಚೆನ್ನಾಗಿ ಹೊಂದುತ್ತೆ.

ಹೊಸಮನೆ_ಮೈಸೂರು

ನೂರೆಲೆ ಸರ್ ಹೇಳಿದ್ದನ್ನು ಇವತ್ತು ಅಳೆದು ನೋಡಿದೆ. ನನ್ನ ಲೋಟದಲ್ಲಿ ನೀರು 200 ಮಿಲಿ ಹಿಡಿಯುತ್ತೆ, ಶಾವಿಗೆ 130 ಗ್ರಾಂ. ದಿನದಂತೆ ಬಾಣಲೆಯಲ್ಲಿ 400 ಮಿಲಿ ಇಟ್ಟು, ತರಕಾರಿ ಬೇಯುವಷ್ಟು ಹೊತ್ತು ಕುದಿಸಿ, ಶಾವಿಗೆ ಹಾಕೋ ಮೊದಲು ಅಳತೆ ಪಾತ್ರೆಗೆ ಸುರಿದು ನೋಡಿದರೆ 310 ಇತ್ತು! ಅಂದರೆ ಶಾವಿಗೆಗೆ ಸಿಗ್ತಾ ಇದ್ದದ್ದು ಒಂದಕ್ಕೆ ಎರಡು ಲೋಟ ಅಲ್ಲ, ಒಂದೂವರೆ ಲೋಟ. ಇಷ್ಟು ವರ್ಷ ನಾನು ಎರಡು ಅಂತಲೇ ಎಲ್ಲರಿಗೂ ಹೇಳಿಕೊಟ್ಟಿದ್ದೀನಿ.

ಅದೇ ಲೆಕ್ಕ ಹಾಕಿದರೆ 130 ಗ್ರಾಮಿಗೆ 310, ಒಂದು ಕೆಜಿಗೆ ಸುಮಾರು 2 ಲೀಟರ್ 400. ನಾನು ಹಾಕಿದ್ದು 3 ಲೀಟರ್, ಜೊತೆಗೆ ಟೊಮೇಟೊ ನೀರು.

ನೂರೆಲೆ_ಅಡುಗೆ

ಮೇಡಂ, ಇದಕ್ಕಿಂತ ಸ್ಪಷ್ಟವಾಗಿ ನಾನು ಹೇಳೋಕಾಗ್ತಿರಲಿಲ್ಲ. ಒಂದು ಸೇರಿಸ್ತೀನಿ: ಆ 310ರಲ್ಲೂ ಶಾವಿಗೆ ಬೇಯುವಾಗ ಸ್ವಲ್ಪ ಹಾರುತ್ತೆ, ಹಾಗಾಗಿ ದೊಡ್ಡ ಅಳತೆಗೆ 2 ಲೀಟರ್ 400 ಕೂಡ ಜಾಸ್ತಿಯೇ. 2 ಲೀಟರ್ 200ರಲ್ಲಿ ಶುರು ಮಾಡಿ. ಲೋಟದ ಬದಲು ತೂಕದಲ್ಲೇ ನೆನಪಿಟ್ಟುಕೊಳ್ಳಿ. ಉದ್ದ ಎಳೆಯ ನೂಲಿನಂಥ ಶಾವಿಗೆ ಮುರಿದು ಲೋಟಕ್ಕೆ ತುಂಬಿದರೆ ನಡುವೆ ಬರೀ ಗಾಳಿ, ತೂಕ ಅರ್ಧದಷ್ಟೂ ಬರದೇ ಇರಬಹುದು. ಅದಕ್ಕೆ ಎರಡು ಲೋಟ ನೀರು ಹಾಕಿದವರಿಗೆ ಗಂಜಿಯೇ ಗತಿ.

ಹುರಿದ_ಪೊಟ್ಟಣ

ಅಂಗಡಿಯಲ್ಲಿ 'ಹುರಿದ ಶಾವಿಗೆ' ಅಂತಲೇ ಸಿಗುತ್ತಲ್ಲ, ಅದನ್ನೂ ಮತ್ತೆ ಹುರಿಯಬೇಕಾ? ನಾನು ನೇರ ನೀರಿಗೆ ಹಾಕ್ತೀನಿ, ಅರ್ಧ ಸಲ ಸರಿ ಬರುತ್ತೆ, ಅರ್ಧ ಸಲ ಅಂಟುತ್ತೆ.

ತುಪ್ಪದ_ಘಮ

ಹುರಿಯಲೇಬೇಕು. ಪೊಟ್ಟಣದಲ್ಲಿ ಇದ್ದು ಥಂಡಿ ಹಿಡಿದಿರುತ್ತೆ. ಸಣ್ಣ ಉರಿಯಲ್ಲಿ ತುಪ್ಪ ಹಾಕಿ ಎರಡು ನಿಮಿಷ.

ನೂರೆಲೆ_ಅಡುಗೆ

ಇದರಲ್ಲಿ ನಾನೂ ತುಪ್ಪದ_ಘಮ ಅವರ ಕಡೆ. ಆದರೆ ನಮ್ಮ ತಂಡದಲ್ಲೇ ಇಬ್ಬರು ನೇರ ಹಾಕುತ್ತಾರೆ, ಅವರದ್ದೂ ಉದುರಾಗಿ ಬರುತ್ತೆ. ಎಣ್ಣೆ ಹತ್ತಿಸದೆ ಬರೀ ಬಿಸಿ ಗಾಳಿಯಲ್ಲಿ ಹುರಿದದ್ದಕ್ಕೂ ಮನೆಯಲ್ಲಿ ತುಪ್ಪದಲ್ಲಿ ಹುರಿದದ್ದಕ್ಕೂ ನನ್ನ ಕೈಗೆ ವ್ಯತ್ಯಾಸ ಗೊತ್ತಾಗುತ್ತೆ.

ಹಸಿ ಶಾವಿಗೆ ಹುರಿಯುವ ಹದ ಕೇಳುವವರಿಗೆ: 150 ಗ್ರಾಮಿಗೆ ಎರಡು ಚಮಚ ತುಪ್ಪ, ಸಣ್ಣ ಉರಿ, ಆರೇಳು ನಿಮಿಷ, ಕೈ ಬಿಡದೆ ಆಡಿಸಬೇಕು. ಮೊದಲು ಕೈಯಾಡಿಸುವಾಗ ಸದ್ದು ಮಂದ ಇರುತ್ತೆ, ಹದಕ್ಕೆ ಬಂದಾಗ ಗಲಗಲ ಅನ್ನುತ್ತೆ. ಒಂದು ಎಳೆ ತಣಿಸಿ ಮುರಿದರೆ ಟಕ್ ಅಂತ ಮುರಿಯಬೇಕು. ಬಣ್ಣ ಒಂದೇ ಸಮ ಬಂದಿರಬೇಕು. ಕೆಲವು ಕೆಂಪು ಕೆಲವು ಬಿಳಿ ಇದ್ದರೆ ಬಿಳಿಯದು ಮೊದಲು ಬೆಂದು ಅಂಟುತ್ತೆ. ಆದ ತಕ್ಷಣ ತಟ್ಟೆಗೆ ಸುರಿಯಿರಿ. ಒಲೆ ಆರಿಸಿ ಬಾಣಲೆಯಲ್ಲೇ ಬಿಟ್ಟರೆ ಆ ಕಾವಿಗೇ ಕೆಂಪಾಗುತ್ತೆ.

ಹೊಸಮನೆ_ಮೈಸೂರು

ನೀರಿಗೆ ಹಾಕಿದ ಮೇಲಿನ ಹದವನ್ನೂ ಹೇಳಿಬಿಡಿ ಸರ್. ನಾನು ಅಲ್ಲೇ ಮಗುಚಿ ಕೆಡಿಸಿದ್ದು.

ನೂರೆಲೆ_ಅಡುಗೆ

ತರಕಾರಿ ಪೂರ್ತಿ ಬೆಂದಿರಬೇಕು, ಶಾವಿಗೆ ಜೊತೆ ಬೇಯಲಿ ಅಂತ ಬಿಡಬೇಡಿ. ಉಪ್ಪು ಆಗಲೇ ನೋಡಿಕೊಳ್ಳಿ, ಆಮೇಲೆ ಉಪ್ಪು ಬೆರೆಸೋಕೆ ಹೋದರೆ ಮುರಿಯುತ್ತೆ. ನೀರು ಕೊತಕೊತ ಕುದಿಯುವಾಗ ಶಾವಿಗೆ ಸುರಿದು ಒಂದೇ ಸಲ ಕೆಳಗಿಂದ ಮೇಲಕ್ಕೆ ತಿರುಗಿಸಿ. ಅಲ್ಲಿಗೆ ಸೌಟಿನ ಕೆಲಸ ಮುಗಿಯಿತು. ಉರಿ ಸಣ್ಣ ಮಾಡಿ ಮುಚ್ಚಿ. ಮೂರ್ನಾಲ್ಕು ನಿಮಿಷಕ್ಕೆ ಮೇಲೆ ನೀರು ಕಾಣದೆ ಸಣ್ಣ ಸಣ್ಣ ತೂತು ಬೀಳುತ್ತೆ. ಒಂದು ಎಳೆ ತೆಗೆದು ಬೆರಳಲ್ಲಿ ಹಿಸುಕಿ. ನಡುವೆ ಕೂದಲೆಳೆಯಷ್ಟು ಬಿಳಿ ಕಂಡರೆ ಅದೇ ಹದ, ಒಲೆ ಆರಿಸಿ. ತಳದಲ್ಲಿ ಒಂಚೂರು ತೇವ ಇದ್ದರೂ ಆರಿಸಿ. ಮುಚ್ಚಿ ಹತ್ತು ನಿಮಿಷ ಮುಟ್ಟಬೇಡಿ. ಆ ಬಿಳಿಯೂ ತೇವವೂ ಅಷ್ಟರಲ್ಲಿ ಒಂದಾಗುತ್ತವೆ. ಆಮೇಲೆ ಮುಳ್ಳು ಚಮಚದಲ್ಲಿ ಬಿಡಿಸಿ, ನಿಂಬೆರಸ, ಕಾಯಿತುರಿ, ಕೊತ್ತಂಬರಿ. ಪೂರ್ತಿ ಬೆಂದ ಮೇಲೆ ಆರಿಸುವವರ ಉಪ್ಪಿಟ್ಟು ತಟ್ಟೆಗೆ ಬರುವಷ್ಟರಲ್ಲಿ ಮುದ್ದೆಯಾಗಿರುತ್ತೆ.

ಹುರಿದ_ಪೊಟ್ಟಣ

ಆಗಲೇ ಅಂಟಿದ್ದರೆ ಸರಿಮಾಡೋ ದಾರಿ ಇದೆಯಾ?

ನೂರೆಲೆ_ಅಡುಗೆ

ಅಂಟಿ ಇನ್ನೂ ಎಳೆ ಕಾಣುತ್ತಿದ್ದರೆ ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ ಫ್ಯಾನ್ ಕೆಳಗೆ ಹತ್ತು ನಿಮಿಷ ಇಡಿ, ಮೇಲೆ ಒಂದು ಚಮಚ ತುಪ್ಪ ಚಿಮುಕಿಸಿ. ತಣಿದಂತೆ ಬಿಡಿಸಿಕೊಳ್ಳುತ್ತೆ. ಎಳೆಯೇ ಕಾಣದ ಹಾಗಾಗಿದ್ದರೆ ಇಲ್ಲ.

ಕೆನೆಹಾಲು

ಪಾಯಸದ ಪ್ರಶ್ನೆ ಯಾರೂ ಮುಟ್ಟಲೇ ಇಲ್ಲ. ಹೊಸಮನೆಯವರೇ, ಎಷ್ಟು ಹಾಲಿಗೆ ಎಷ್ಟು ಶಾವಿಗೆ ಹಾಕಿದಿರಿ?

ಹೊಸಮನೆ_ಮೈಸೂರು

ಎರಡು ಲೀಟರ್ ಹಾಲಿಗೆ ಮೂರು ಲೋಟ ಅಕ್ಕ. ಒಲೆ ಮೇಲೆ ಸರಿಯಾಗೇ ಇತ್ತು. ಸಕ್ಕರೆಯನ್ನು ಶಾವಿಗೆ ಜೊತೆಗೇ ಹಾಕಿದ್ದೆ. ಬೆಳಗ್ಗೆ ಏಳಕ್ಕೆ ಮಾಡಿದ್ದು, ಬಡಿಸಿದ್ದು ಹತ್ತೂವರೆಗೆ.

ಕೆನೆಹಾಲು

ಮೂರು ಲೋಟ ಅಂದರೆ ಹತ್ತಿರ ಹತ್ತಿರ 400 ಗ್ರಾಂ ಕಣಮ್ಮ! ನಾನು ಒಂದು ಲೀಟರಿಗೆ 75 ಗ್ರಾಮಿಗಿಂತ ಹೆಚ್ಚು ಹಾಕಲ್ಲ. ಎರಡು ಲೀಟರಿಗೆ 150, ನಿನ್ನ ಲೋಟದಲ್ಲಿ ಒಂದು ಲೋಟದ ಮೇಲೆ ಒಂಚೂರು. ಹಾಕಿದಾಗ "ಇಷ್ಟೇ ಸಾಕಾ" ಅನಿಸುತ್ತೆ. ಅನಿಸಲಿ. ಪಾಯಸದಲ್ಲಿ ಉಪ್ಪಿಟ್ಟಿನ ಹಾಗೆ ನೀರು ಮುಗಿಯೋದಿಲ್ಲ, ಶಾವಿಗೆ ಹಾಲಲ್ಲೇ ಮುಳುಗಿ ಕೂತಿರುತ್ತೆ, ಒಲೆ ಆರಿಸಿದ ಮೇಲೂ ಕುಡಿಯುತ್ತೆ. ಮೂರೂವರೆ ಗಂಟೆ ಕೂತರೆ ಹಲ್ವ ಆಗದೆ ಇನ್ನೇನಾದೀತು?

ಸಕ್ಕರೆ ಮೊದಲೇ ಹಾಕಬಾರದು. ಸಿಹಿಹಾಲಿನಲ್ಲಿ ಶಾವಿಗೆ ಮೆತ್ತಗಾಗೋದು ನಿಧಾನ. ಬೇಯಲಿಲ್ಲ ಅಂತ ನಾವು ಇನ್ನೂ ಕುದಿಸ್ತೀವಿ, ಅಷ್ಟರಲ್ಲಿ ಹಾಲು ಇಂಗಿ ಗಟ್ಟಿಯಾಗುತ್ತೆ. ಹಾಲು ಕುದಿ ಬಂದ ಮೇಲೆ ಹುರಿದ ಶಾವಿಗೆ, ಏಳೆಂಟು ನಿಮಿಷ ಸಣ್ಣ ಉರಿ. ಹಿಸುಕಿದರೆ ಪೂರ್ತಿ ಮೆತ್ತಗಾಗಬೇಕು, ಇಲ್ಲಿ ಬಿಳಿ ಉಳಿಸೋದು ಬೇಡ. ಆಮೇಲೆ ಸಕ್ಕರೆ, ಕರಗಿದ ಮೇಲೆ ಎರಡು ನಿಮಿಷ, ಏಲಕ್ಕಿ, ತುಪ್ಪದಲ್ಲಿ ಹುರಿದ ಗೋಡಂಬಿ ದ್ರಾಕ್ಷಿ. ಒಲೆಯಿಂದ ಇಳಿಸುವಾಗ ಬರೀ ಹಾಲಿನಷ್ಟು ತೆಳ್ಳಗಿರಬೇಕು.

ಧಾರವಾಡದ_ಓಣಿ

ಶಾವಿಗಿ ಮೊದಲು ನೀರಾಗ ಬೇಯಿಸಿ, ಆಮ್ಯಾಲ ಹಾಲು ಹಾಕಿದ್ರ ತಳ ಹಿಡಿಯೂದಿಲ್ಲಲ್ಲಾ?

ಕೆನೆಹಾಲು

ತಳ ಹಿಡಿಯಲ್ಲ, ಬೇಗನೂ ಆಗುತ್ತೆ, ಹಾಲು ಕಡಿಮೆ ಇದ್ದಾಗ ನಾನೂ ಹಾಗೇ ಮಾಡ್ತೀನಿ. ಆದರೆ ಹಾಲಲ್ಲೇ ಬೆಂದ ಶಾವಿಗೆಯ ಆ ದಪ್ಪ ರುಚಿ ಬರಲ್ಲ ಅಣ್ಣ. ಉಪ್ಪಿಟ್ಟಿಗೆ ನೂರೆಲೆಯವರು ಹೇಳಿದ್ದೇ ಮಾತು ಇಲ್ಲೂ.

ಮ್ಯೂನಿಕ್_ಕನ್ನಡತಿ

ಬೆಲ್ಲದಲ್ಲಿ ಮಾಡಿದಾಗ ನನಗೆ ಹಾಲು ಒಡೆಯಿತು.

ಕೆನೆಹಾಲು

ಕುದಿಯೋ ಹಾಲಿಗೆ ಬೆಲ್ಲ ಹಾಕಿದರೆ ಒಡೆಯುತ್ತೆ. ಬೆಲ್ಲ ನೀರಲ್ಲಿ ಕರಗಿಸಿ ಸೋಸಿ ಆರಲು ಬಿಡು. ಪಾಯಸ ಇಳಿಸಿ, ಬೆರಳು ಅದ್ದುವಷ್ಟು ಬೆಚ್ಚಗಾದ ಮೇಲೆ ಬೆರೆಸು, ಮತ್ತೆ ಒಲೆಗಿಡಬೇಡ. ಕೆಲವು ಬೆಲ್ಲಕ್ಕೆ ಆಗಲೂ ಒಡೆಯುತ್ತೆ, ಹಾಗಾಗಿ ಒಂದು ಬಟ್ಟಲಲ್ಲಿ ಮೊದಲು ಬೆರೆಸಿ ನೋಡು. ಕಾಯಿಹಾಲಾದರೆ ಈ ಭಯ ಇಲ್ಲ.

ಅಜ್ಜಿಮನೆ_ತೀರ್ಥಹಳ್ಳಿ

ಅದನ್ನೇ ನಾನು ಮೊದಲೇ ಹೇಳಿದ್ದು.

ಹೊಸಮನೆ_ಮೈಸೂರು

ಇವತ್ತು ಅರ್ಧ ಕೆಜಿ ಮಾಡಿದೆ, ಅಕ್ಕಪಕ್ಕದ ಮನೆಗೂ ಕೊಟ್ಟೆ. ನೀರು 1 ಲೀಟರ್ 100 ಮಿಲಿ, ಟೊಮೇಟೊ ಎರಡೇ, ಅಗಲ ಬಾಣಲೆ. ನಾಲ್ಕು ನಿಮಿಷಕ್ಕೆ ಹಿಸುಕಿ ನೋಡಿದೆ, ನಡುವೆ ಬಿಳಿ ಎಳೆ ಕಂಡಿತು, ಆರಿಸಿಬಿಟ್ಟೆ. ಹತ್ತು ನಿಮಿಷ ಮುಚ್ಚಳ ತೆಗೆಯದೆ ಇರೋದೇ ಕಷ್ಟವಾಗಿದ್ದು. ಉದುರುದುರಾಗಿ ಬಂತು. ಒಂದು ಅಂಚಿನಲ್ಲಿ ಮಾತ್ರ ಹಿಡಿಯಷ್ಟು ಒಣಗಿದ ಹಾಗೆ, ಸ್ವಲ್ಪ ಗಟ್ಟಿ ಇತ್ತು. ಬಿಸಿನೀರು ಚಿಮುಕಿಸಿ ಐದು ನಿಮಿಷ ಮುಚ್ಚಿದೆ, ಸರಿಯಾಯ್ತು.

ಪಾಯಸ ಒಂದು ಲೀಟರಿಗೆ 75 ಗ್ರಾಂ. ಎಂಟು ಗಂಟೆಗೆ ಇಳಿಸಿದಾಗ ನೀರಾಗಿತ್ತು, ಹನ್ನೊಂದಕ್ಕೆ ನೋಡಿದರೆ ಸೌಟಿನಿಂದ ಸುರಿಯೋ ಹದ. ಒಂದು ಲೋಟ ಬಿಸಿಹಾಲು ತೆಗೆದಿಟ್ಟಿದ್ದೆ, ಅರ್ಧ ಸೇರಿಸಿದೆ. ನಾಳೆ ತಂಗಿಯ ಮನೆಗೆ ಡಬ್ಬಿಯಲ್ಲಿ ತಗೊಂಡು ಹೋಗ್ತಿದ್ದೀನಿ. ಅಲ್ಲಿವರೆಗೆ ಒಂದು ಗಂಟೆ ದಾರಿ, ಹಾಲನ್ನು ಬೇರೆ ಬಾಟಲಿಯಲ್ಲಿ ಇಟ್ಟುಕೊಳ್ತೀನಿ.

ಕೆನೆಹಾಲು

ಫ್ರಿಜ್ಜಿನಲ್ಲಿಟ್ಟು ತಗೊಂಡು ಹೋಗ್ತೀಯಾದರೆ ಅರ್ಧ ಲೋಟ ಸಾಲದು, ಒಂದೂವರೆ ಲೋಟ ಹಾಲು ತಗೊಂಡು ಹೋಗು. ಸಕ್ಕರೆಯನ್ನೂ ಒಂದು ಚಮಚ ಜಾಸ್ತಿ.